ಮಣ್ಣು ಪರೀಕ್ಷೆಯ ವರದಿಯನ್ನು ಮನೆ ಮಾಲೀಕರಿಗೆ ಒಂದು ಪುಟದಲ್ಲಿ ತಿಳಿಸುವುದು ಹೇಗೆ: ಎರೆಮಣ್ಣಿನ ನಿವೇಶನದ ಉದಾಹರಣೆಯೊಂದಿಗೆ

ಮಣ್ಣು ಪರೀಕ್ಷೆಯ ವರದಿ ಕೈಸೇರಿದ ಕೂಡಲೇ ಮನೆ ಕಟ್ಟಿಸುವವರು ಹುಡುಕುವುದು ಒಂದೇ ಒಂದು ಅಂಕಿಯನ್ನು. ‘ಎಸ್‌ಬಿಸಿ ಎಷ್ಟು ಬಂತು?’ ಎಸ್‌ಬಿಸಿ ಎಂದರೆ ಮಣ್ಣು ಸುರಕ್ಷಿತವಾಗಿ ಹೊರಬಲ್ಲ ಭಾರ, ಚದರ ಮೀಟರಿಗೆ ಇಷ್ಟು ಟನ್ ಎಂಬ ಲೆಕ್ಕದಲ್ಲಿ. ಪಕ್ಕದ ಮನೆಯವರಿಗೆ ಹದಿನೈದು ಬಂದಿತ್ತು, ನಮಗೆ ಇಪ್ಪತ್ತು ಬಂದಿದೆ ಎಂದರೆ ಪರೀಕ್ಷೆಯಲ್ಲಿ ಪಾಸಾದ ಸಂತೋಷ. ನಲವತ್ತು ಪುಟಗಳ ಉಳಿದ ಭಾಗ ಕಪಾಟು ಸೇರುತ್ತದೆ. ಆದರೆ ಎರೆ ಭೂಮಿಯಲ್ಲಿ ಮನೆಗಳು ಬಿರುಕು ಬಿಡುವುದು ಆ ಅಂಕಿ ಕಡಿಮೆಯಾಗಿದ್ದರಿಂದಲ್ಲ. ಅಂಕಿ ಯಾವ ಆಳಕ್ಕೆ ಅನ್ವಯಿಸುತ್ತದೆ, ಆ ಆಳವನ್ನು ಎಲ್ಲಿಂದ ಅಳೆಯಬೇಕು, ಮಳೆಗಾಲದಲ್ಲಿ ಆ ಮಣ್ಣು ಏನು ಮಾಡುತ್ತದೆ ಎಂಬ ಮೂರು ಸಂಗತಿಗಳು ಮಾಲೀಕರಿಗೂ ಗೌಂಡಿಗೂ ತಲುಪದೆ ಹೋದದ್ದರಿಂದ. ವರದಿಯ ಸಾರಾಂಶ ಬರೆಯುವ ಎಂಜಿನಿಯರ್ ಅಂಕಿಗಿಂತ ಮೊದಲು ಈ ಮೂರನ್ನು ದಾಟಿಸಬೇಕು. ಅದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ಹುಬ್ಬಳ್ಳಿಯ ಹೊರವಲಯದ ಒಂದು ನಿವೇಶನವನ್ನು ಕಲ್ಪಿಸಿಕೊಳ್ಳೋಣ. ನಲವತ್ತು ಅರವತ್ತು ಅಡಿಯ ಜಾಗ, ನೆಲ ಅಂತಸ್ತು ಮತ್ತು ಮೇಲೆ ಎರಡು ಮಹಡಿ, ಕಾಲಂಗಳ ಮೇಲೆ ನಿಲ್ಲುವ ಮನೆ. ಅಂಕಿಗಳು ನಾನು ಹೊಂದಿಸಿಕೊಂಡವು, ಆದರೆ ಆ ಭಾಗದ ವರದಿಗಳಲ್ಲಿ ಕಾಣುವ ಬಗೆಯವೇ. ಮಾರ್ಚ್ ತಿಂಗಳಲ್ಲಿ ಮೂರು ಕಡೆ ಬೋರ್ ಕೊರೆಸಲಾಗಿದೆ: ಮುಂಭಾಗದಲ್ಲಿ ಬಿಎಚ್-1, ಹಿಂಭಾಗದಲ್ಲಿ ಬಿಎಚ್-2, ನಡುವೆ ಬಿಎಚ್-3. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಶಿಥಿಲವಾದ ಕಲ್ಲು. ಮೇಲಿನ ಪದರದಲ್ಲಿ ಅಲ್ಲಲ್ಲಿ ಹಳೆಯ ಭರ್ತಿ ಮಣ್ಣು.

ಹಂತ 1: ಕೊನೆಯ ಪುಟವನ್ನು ಕೊನೆಗೆ ಓದಿ

ಸಾರಾಂಶ ಬರೆಯುವವರೂ ನೇರವಾಗಿ ಶಿಫಾರಸಿನ ಪುಟಕ್ಕೆ ಹೋಗಿ ಅದನ್ನು ಕನ್ನಡಕ್ಕೆ ಇಳಿಸಿಬಿಡುವುದುಂಟು. ಹಾಗೆ ಮಾಡಬೇಡಿ. ಮೊದಲು ಪ್ರತಿ ಬೋರ್‌ನಲ್ಲಿ ಯಾವ ಆಳಕ್ಕೆ ಯಾವ ಮಣ್ಣು ಸಿಕ್ಕಿತು ಎಂದು ಬರೆದಿಟ್ಟ ಬೋರ್‌ಲಾಗ್‌ಗಳನ್ನು, ನಂತರ ಪ್ರಯೋಗಾಲಯದ ಕೋಷ್ಟಕವನ್ನು ಓದಿ. ಶಿಫಾರಸು ಅವುಗಳಿಂದ ಹುಟ್ಟುತ್ತದೆಯೇ ಎಂದು ನೋಡಿ.

ಬೋರ್‌ಲಾಗ್‌ನಲ್ಲಿ ಎನ್ ಮೌಲ್ಯ ಎಂಬ ಅಂಕಣ ಇರುತ್ತದೆ. 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾ, ಮೊದಲ 15 ಸೆಂಟಿಮೀಟರ್ ಬಿಟ್ಟು, ಮಾದರಿ ಕೊಳವೆ ನಂತರದ 30 ಸೆಂಟಿಮೀಟರ್ ಇಳಿಯಲು ಬೇಕಾದ ಪೆಟ್ಟುಗಳ ಎಣಿಕೆಯೇ ಅದು. ನಮ್ಮ ಉದಾಹರಣೆಯಲ್ಲಿ ಎರೆಮಣ್ಣಿನಲ್ಲಿ 11, ಗರಸಿನಲ್ಲಿ 28ರಿಂದ 36, ಅದರ ಕೆಳಗೆ ಶಿಥಿಲ ಕಲ್ಲಿನಲ್ಲಿ ಕೊಳವೆ ಇಳಿಯದೆ ನಿಂತಿದೆ.

ಎರೆಮಣ್ಣಿಗೆ 11 ಎಂದರೆ ಕೆಟ್ಟದ್ದೇನಲ್ಲ ಎನಿಸುತ್ತದೆ. ಇಲ್ಲಿ ಪ್ರಯೋಗಾಲಯದ ಕೋಷ್ಟಕದ ಒಂದು ಸಾಲನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದೇ ಮಣ್ಣಿನ ಸಹಜ ತೇವಾಂಶ ಶೇಕಡಾ 19, ಪ್ಲಾಸ್ಟಿಕ್ ಮಿತಿ, ಅಂದರೆ ಮಣ್ಣು ಬಿರಿಯದೆ ನಾದಲು ಬರುವ ಕನಿಷ್ಠ ತೇವಾಂಶ, 28. ತೇವಾಂಶವು ಪ್ಲಾಸ್ಟಿಕ್ ಮಿತಿಗಿಂತ ಇಷ್ಟು ಕೆಳಗಿದ್ದರೆ ಮಣ್ಣು ಒಣಗಿ ಬಿರಿದಿರುವಾಗ ಪರೀಕ್ಷೆ ನಡೆದಿದೆ ಎಂದೇ ಅರ್ಥ. ಆ 11 ಪೆಟ್ಟುಗಳು ಬೇಸಿಗೆಯ ಗಟ್ಟಿತನ. ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ಅದೇ ಸುತ್ತಿಗೆ ಬೀಳಿಸಿದರೆ ಎಣಿಕೆ ಬಹಳ ಇಳಿಯುತ್ತದೆ. ಮಾಲೀಕರಿಗೆ ಪ್ಲಾಸ್ಟಿಕ್ ಮಿತಿಯ ಪಾಠ ಬೇಕಿಲ್ಲ, ಆದರೆ ಸಾರಾಂಶದಲ್ಲಿ ‘ಪರೀಕ್ಷೆ ಬೇಸಿಗೆಯಲ್ಲಿ ನಡೆದಿದೆ, ಮೇಲಿನ ಕಪ್ಪು ಮಣ್ಣಿನ ಗಟ್ಟಿತನ ಮಳೆಗಾಲದಲ್ಲಿ ಉಳಿಯುವುದಿಲ್ಲ’ ಎಂಬ ವಾಕ್ಯ ಇರಲೇಬೇಕು.

ಕೋಷ್ಟಕದಲ್ಲಿ ಇನ್ನೊಂದು ಅಂಕಿ ಹುಡುಕಿ: ಮುಕ್ತ ಉಬ್ಬುವಿಕೆ ಸೂಚ್ಯಂಕ. ಪುಡಿ ಮಾಡಿದ ಮಣ್ಣನ್ನು ಒಂದು ಗಾಜಿನ ಜಾಡಿಯಲ್ಲಿ ನೀರಿನಲ್ಲಿಯೂ ಇನ್ನೊಂದರಲ್ಲಿ ಸೀಮೆಎಣ್ಣೆಯಲ್ಲಿಯೂ ಬಿಟ್ಟು, ನೀರಿನಲ್ಲಿ ಎಷ್ಟು ಹೆಚ್ಚು ಉಬ್ಬಿತು ಎಂದು ನೋಡುವ ಸರಳ ಪರೀಕ್ಷೆ. ಭಾರತೀಯ ಮಾನಕ ಐಎಸ್ 1498ರ ಪ್ರಕಾರ ಇದು 50ರ ಒಳಗಿದ್ದರೆ ಚಿಂತೆ ಕಡಿಮೆ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, 200 ದಾಟಿದರೆ ಅತಿ ಹೆಚ್ಚು. ನಮ್ಮ ನಿವೇಶನದಲ್ಲಿ 110. ನನ್ನ ಪ್ರಕಾರ ಎರೆಮಣ್ಣಿನ ವರದಿಯಲ್ಲಿ ಎಸ್‌ಬಿಸಿಗಿಂತ ಮಹತ್ವದ ಅಂಕಿ ಇದು. ವಿಚಿತ್ರವೆಂದರೆ ಬಹುತೇಕ ಸಾರಾಂಶಗಳಲ್ಲಿ ಇದು ಕಾಣುವುದೇ ಇಲ್ಲ.

ಹಂತ 2: ಆಳ ಎಲ್ಲಿಂದ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ

ವರದಿಯಲ್ಲಿ ‘ಈಗಿನ ನೆಲಮಟ್ಟದಿಂದ 2.4 ಮೀಟರ್ ಆಳ’ ಎಂದಿರುತ್ತದೆ. ಓದುವವರ ತಲೆಯಲ್ಲಿ ಅದು ‘ಎಂಟು ಅಡಿ’ ಎಂದಾಗುತ್ತದೆ. ಅಲ್ಲಿಂದ ಆಪತ್ತು ಶುರು.

ಬೋರ್ ಕೊರೆದ ದಿನದಿಂದ ಗುಂಡಿ ತೋಡುವ ದಿನದೊಳಗೆ ನೆಲಮಟ್ಟ ಬದಲಾಗುತ್ತದೆ. ರಸ್ತೆಗಿಂತ ಜಾಗ ತಗ್ಗಿದೆ ಎಂದು ಮಾಲೀಕರು ಮೂರು ಅಡಿ ಮಣ್ಣು ಹಾಕಿಸುತ್ತಾರೆ. ಗೌಂಡಿ ಹೊಸ ನೆಲದಿಂದ ಎಂಟು ಅಡಿ ಅಳೆಯುತ್ತಾನೆ. ಮೂಲ ನೆಲದಿಂದ ಲೆಕ್ಕ ಹಾಕಿದರೆ ಅವನು ನಿಂತಿರುವುದು ಐದೇ ಅಡಿಯಲ್ಲಿ, ಅಪ್ಪಟ ಎರೆಮಣ್ಣಿನ ನಡುವೆ. ವರದಿ ಸರಿ, ಗೌಂಡಿಯ ಟೇಪೂ ಸರಿ, ಫುಟಿಂಗ್ ಮಾತ್ರ ತಪ್ಪಾದ ಮಣ್ಣಿನ ಮೇಲೆ.

ಆದ್ದರಿಂದ ಸಾರಾಂಶದಲ್ಲಿ ಆಳವನ್ನು ಕದಲದ ಒಂದು ಗುರುತಿನಿಂದ ಹೇಳಿ. ಎದುರಿನ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ, ಪಕ್ಕದ ಮನೆಯ ಪ್ಲಿಂತ್, ಮೋರಿಯ ಕಲ್ಲು, ಯಾವುದಾದರೂ ಸರಿ. ನಮ್ಮ ಉದಾಹರಣೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳವನ್ನು 100.00 ಮೀಟರ್ ಎಂದಿಟ್ಟುಕೊಂಡಿದ್ದಾರೆ. ಆ ಲೆಕ್ಕದಲ್ಲಿ ಮುಂಭಾಗದ ನೆಲ 99.70, ನಡುವೆ 99.45, ಹಿಂಭಾಗ 99.20. ಗರಸು ಸಿಕ್ಕಿದ್ದು ಕ್ರಮವಾಗಿ 2.1, 2.4 ಮತ್ತು 3.0 ಮೀಟರ್ ಆಳದಲ್ಲಿ, ಅಂದರೆ 97.60, 97.05 ಮತ್ತು 96.20 ಮಟ್ಟದಲ್ಲಿ.

ಈ ಕಳೆಯುವ ಲೆಕ್ಕ ಮಾಡಿದ ಮೇಲಷ್ಟೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆಳದ ಅಂಕಿಗಳನ್ನು ನೋಡಿದರೆ ಮುಂದಕ್ಕೂ ಹಿಂದಕ್ಕೂ 0.9 ಮೀಟರ್ ವ್ಯತ್ಯಾಸ ಎನಿಸುತ್ತದೆ. ಮಟ್ಟದ ಅಂಕಿಗಳನ್ನು ನೋಡಿದರೆ ಗರಸಿನ ಮೈ ಹಿಂಭಾಗಕ್ಕೆ 1.4 ಮೀಟರ್ ಇಳಿದಿದೆ. ನೆಲವೂ ಇಳಿಜಾರು, ಗರಸು ಅದಕ್ಕಿಂತ ಹೆಚ್ಚು ಇಳಿಜಾರು. ಎಲ್ಲ ಗುಂಡಿಗಳನ್ನೂ ಒಂದೇ ಆಳಕ್ಕೆ ತೋಡಿದರೆ ಮುಂದಿನ ಸಾಲು ಗರಸಿನ ಮೇಲೂ ಹಿಂದಿನ ಸಾಲು ಎರೆಮಣ್ಣಿನ ಮೇಲೂ ನಿಲ್ಲುತ್ತದೆ. ಒಂದೇ ಮನೆ ಎರಡು ಬಗೆಯ ಮಣ್ಣಿನ ಮೇಲೆ ನಿಲ್ಲುವುದಕ್ಕಿಂತ ಕೆಟ್ಟ ಸ್ಥಿತಿ ಬೇರಿಲ್ಲ.

ವರದಿಯಲ್ಲಿ ಬೋರ್‌ನ ನೆಲಮಟ್ಟ ಕೊಟ್ಟಿಲ್ಲವೆಂದರೆ ಸಾರಾಂಶ ಬರೆಯಲು ಕೂರಬೇಡಿ. ಕೊರೆದ ಜಾಗ ಇನ್ನೂ ಗುರುತು ಸಿಗುವಷ್ಟರಲ್ಲಿ ಡಂಪಿ ಲೆವೆಲ್ ಅಥವಾ ನೀರಿನ ಪೈಪಾದರೂ ಹಿಡಿದು ಮಟ್ಟ ತೆಗೆದುಕೊಳ್ಳಿ. ಅರ್ಧ ದಿನದ ಕೆಲಸ.

ಹಂತ 3: ಒಂದೇ ಒಂದು ಚಿತ್ರ ಬರೆಯಿರಿ

ಮೂರು ಬೋರ್‌ಲಾಗ್‌ಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ನಿವೇಶನವನ್ನು ಮುಂದಿನಿಂದ ಹಿಂದಕ್ಕೆ ಸೀಳಿದರೆ ಕಾಣುವ ಚಿತ್ರ ಬರೆಯಿರಿ. ಬಣ್ಣ ಮೂರೇ ಸಾಕು: ಎರೆಗೆ ಕಪ್ಪು, ಗರಸಿಗೆ ಹಳದಿ, ಕಲ್ಲಿಗೆ ಬೂದು. ಭರ್ತಿ ಮಣ್ಣಿಗೆ ಗೆರೆ ಎಳೆದರಾಯಿತು. ಮ್ಯಾನ್‌ಹೋಲ್ ಮಟ್ಟಕ್ಕೆ ಅಡ್ಡಲಾಗಿ ಒಂದು ಗೆರೆ, ಪ್ರತಿ ಸಾಲಿನ ಫುಟಿಂಗ್ ತಳಕ್ಕೆ ಒಂದು ಕೆಂಪು ಗುರುತು, ಪಕ್ಕದಲ್ಲಿ ಅಡಿ ಮತ್ತು ಮೀಟರ್ ಎರಡೂ.

ಬೋರ್‌ಗಳ ನಡುವೆ ಪದರದ ಗೆರೆಯನ್ನು ತುಂಡು ಗೆರೆಯಾಗಿ ಎಳೆಯಿರಿ. ಒಂದು ಗೇಣು ಅಗಲವೂ ಇಲ್ಲದ ಮೂರು ರಂಧ್ರಗಳಲ್ಲಿ ಕಂಡದ್ದಷ್ಟೇ ನಮಗೆ ಗೊತ್ತು, ನಡುವಿನದು ಊಹೆ. ಅಖಂಡ ಗೆರೆ ಎಳೆದರೆ ಮಾಲೀಕರು ಅದನ್ನೇ ಸತ್ಯವೆಂದು ನಂಬುತ್ತಾರೆ, ನಾಳೆ ಗುಂಡಿಯಲ್ಲಿ ಬೇರೆ ಕಂಡರೆ ವರದಿಯೇ ಸುಳ್ಳೆನ್ನುತ್ತಾರೆ.

ನೀರಿನ ಬಗ್ಗೆ ಚಿತ್ರದ ಪಕ್ಕದಲ್ಲಿ ಒಂದು ಸಾಲು ಬೇಕು. ‘6 ಮೀಟರ್‌ವರೆಗೆ ನೀರು ಸಿಗಲಿಲ್ಲ’ ಎಂದು ಓದಿದ ಮಾಲೀಕರು ಕೊಳವೆಬಾವಿ ವಿಫಲವಾದಂತೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಪಾಯಕ್ಕೆ ಅದು ಒಳ್ಳೆಯ ಸುದ್ದಿ ಎಂದು ಹೇಳಿ, ಜೊತೆಗೆ ಅದು ಮಾರ್ಚ್ ತಿಂಗಳ ಸ್ಥಿತಿ ಎಂಬುದನ್ನೂ ಸೇರಿಸಿ.

ಹಂತ 4: ಅಂಕಿಯನ್ನು ಷರತ್ತುಗಳ ಜೊತೆಯಲ್ಲೇ ಕೊಡಿ

ಈಗ ಎಸ್‌ಬಿಸಿಗೆ ಬರೋಣ. ನಮ್ಮ ವರದಿಯ ಕೋಷ್ಟಕದಲ್ಲಿ ಮೂರು ಸಾಲುಗಳಿವೆ ಎಂದುಕೊಳ್ಳಿ. 1.5 ಮೀಟರ್ ಆಳದಲ್ಲಿ ಎರೆಮಣ್ಣಿನ ಮೇಲೆ ಚದರ ಮೀಟರಿಗೆ 11 ಟನ್, ಗರಸಿನೊಳಗೆ 0.3 ಮೀಟರ್ ಇಳಿದಾಗ 20 ಟನ್, ಶಿಥಿಲ ಕಲ್ಲಿನ ಮೇಲೆ 35 ಟನ್. ಶಿಫಾರಸು ಎರಡನೆಯದು.

ಈ ಕೋಷ್ಟಕವನ್ನು ಇದ್ದಂತೆ ಮಾಲೀಕರ ಕೈಗೆ ಕೊಡಬೇಡಿ. ಅದು ಹೋಟೆಲಿನ ತಿಂಡಿಪಟ್ಟಿಯಂತೆ ಕಾಣುತ್ತದೆ, ಅಗ್ಗದ್ದನ್ನು ಆರಿಸಿಕೊಳ್ಳಬಹುದು ಎನಿಸುತ್ತದೆ. ‘ಹನ್ನೊಂದು ಟನ್ ಸಾಕಲ್ಲವೇ ಸಾಹೇಬರೇ, ಫುಟಿಂಗ್ ಸ್ವಲ್ಪ ದೊಡ್ಡದು ಮಾಡಿದರಾಯಿತು’ ಎಂದು ಕೇಳುವವರು ಬಹಳ ಮಂದಿ. ಲೆಕ್ಕದ ಮಟ್ಟಿಗೆ ಅವರು ಹೇಳುವುದು ಸರಿಯೇ. ಅದಕ್ಕೇ ಅದು ಅಪಾಯ. 1.5 ಮೀಟರಿನ ಸಾಲಿನಲ್ಲಿರುವುದು ಮಣ್ಣು ಎಷ್ಟು ಭಾರ ಹೊರುತ್ತದೆ ಎಂಬ ಉತ್ತರ. ಆ ಮಣ್ಣು ನೀರು ಕುಡಿದಾಗ ಮೇಲಕ್ಕೆ ಎತ್ತುತ್ತದೆಯೇ, ಒಣಗಿದಾಗ ಕೆಳಗೆ ಸರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಆ ಸಾಲು ಕೇಳಿಕೊಂಡೇ ಇಲ್ಲ. ಸಾರಾಂಶದಲ್ಲಿ ಶಿಫಾರಸಾದ ಸಾಲು ಒಂದೇ ಇರಲಿ. ಉಳಿದವು ಏಕೆ ಬೇಡ ಎಂಬುದು ಒಂದು ವಾಕ್ಯದಲ್ಲಿ ಇರಲಿ.

20 ಟನ್ ಎಂಬುದು ಎಲ್ಲಿಂದ ಬಂತು ಎಂಬುದನ್ನೂ ನೀವು ತಿಳಿದಿರಬೇಕು, ಏಕೆಂದರೆ ಮಾಲೀಕರ ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಗರಸಿಗೆ ವರದಿಯಲ್ಲಿ ಎರಡು ಲೆಕ್ಕಗಳಿವೆ. ಮಣ್ಣು ಸೀಳಿ ಪಕ್ಕಕ್ಕೆ ಜಾರದಂತೆ, 2.5ರ ಸುರಕ್ಷತಾ ಅಂಶ ಇಟ್ಟು, ಐಎಸ್ 6403ರಂತೆ ಮಾಡಿದ ಲೆಕ್ಕ 32 ಟನ್ ಕೊಡುತ್ತದೆ. ಫುಟಿಂಗ್ 25 ಮಿಲಿಮೀಟರಿಗಿಂತ ಹೆಚ್ಚು ಇಳಿಯದಂತೆ ಮಾಡಿದ ಲೆಕ್ಕ 20 ಟನ್ ಕೊಡುತ್ತದೆ. ಎರಡರಲ್ಲಿ ಚಿಕ್ಕದನ್ನು ತೆಗೆದುಕೊಳ್ಳಬೇಕು. ಹೀಗಾಗಿ ‘ಸುರಕ್ಷತಾ ಅಂಶ ಎರಡೂವರೆ ಇದೆಯಲ್ಲ, ಮೂವತ್ತು ಟನ್ ಹಾಕಿದರೇನು?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿದೆ: ಇಲ್ಲಿ ಕೈ ಕಟ್ಟಿರುವುದು ಮುರಿಯುವ ಭಯವಲ್ಲ, ಇಳಿಯುವ ಲೆಕ್ಕ. ಮೂವತ್ತು ಹಾಕಿದರೆ ಮನೆ ಬೀಳುವುದಿಲ್ಲ, ಆದರೆ ಇಳಿತ ಹೆಚ್ಚುತ್ತದೆ, ಗೋಡೆ ಅದನ್ನು ತೋರಿಸಿಕೊಡುತ್ತದೆ.

ಇಳಿತದ ಬಗ್ಗೆ ಬರೆಯುವಾಗ ‘ಕುಸಿತ’ ಎಂದು ಬರೆದು ಯಾರನ್ನೂ ಬೆಚ್ಚಿಬೀಳಿಸಬೇಡಿ. ಇಡೀ ಮನೆ ಒಟ್ಟಿಗೆ 25 ಮಿಲಿಮೀಟರ್ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿರುಕು ಬರುವುದು ಅಕ್ಕಪಕ್ಕದ ಕಾಲಂಗಳು ಬೇರೆ ಬೇರೆಯಾಗಿ ಇಳಿದಾಗ. ಐಎಸ್ 1904:1986ರಲ್ಲಿ ಮರಳು ಹಾಗೂ ಗಟ್ಟಿ ಜೇಡಿಮಣ್ಣಿನ ಮೇಲಿನ ಕಾಂಕ್ರೀಟ್ ಕಟ್ಟಡದ ಬಿಡಿ ಫುಟಿಂಗ್‌ಗಳಿಗೆ ಈ ವ್ಯತ್ಯಾಸದ ಮಿತಿ ಕಾಲಂಗಳ ಅಂತರದ 0.0015 ಪಟ್ಟು. ನಾಲ್ಕು ಮೀಟರ್ ಅಂತರಕ್ಕೆ ಬರೀ 6 ಮಿಲಿಮೀಟರ್. ಹಿಂದಿನ ಸಾಲನ್ನೂ ಗರಸಿಗೇ ಇಳಿಸಬೇಕೆಂದು ಹಟ ಹಿಡಿಯುವುದು ಈ ಆರು ಮಿಲಿಮೀಟರಿಗಾಗಿ.

ಇನ್ನು ಅಂಕಿಯನ್ನು ಮಾಲೀಕರು ಕಣ್ಣಿನಲ್ಲಿ ಕಾಣುವಂತೆ ಮಾಡುವುದು. ಚದರ ಮೀಟರಿಗೆ 20 ಟನ್ ಎಂದರೆ ಚದರ ಅಡಿಗೆ ಸುಮಾರು 1.9 ಟನ್. ನಮ್ಮ ಮನೆಯ ನಡುವಿನ ಒಂದು ಕಾಲಂ 55 ಟನ್ ಹೊರುತ್ತದೆ ಎಂದಿಟ್ಟುಕೊಳ್ಳಿ. ಫುಟಿಂಗಿನ ಸ್ವಂತ ತೂಕ ಇತ್ಯಾದಿಗೆ ಹತ್ತರಲ್ಲೊಂದು ಪಾಲು ಸೇರಿಸಿದರೆ ಸುಮಾರು 60 ಟನ್. ಇಪ್ಪತ್ತರಿಂದ ಭಾಗಿಸಿದರೆ ಮೂರು ಚದರ ಮೀಟರ್, ಅಂದರೆ 1.75 ಮೀಟರ್ ಚೌಕ, ಸುಮಾರು ಐದೂಮುಕ್ಕಾಲು ಅಡಿ. ಎರೆಮಣ್ಣಿನ ಮೇಲೆ ಹನ್ನೊಂದು ಟನ್ನಿಗೆ ಅದೇ ಕಾಲಂ ಇಟ್ಟಿದ್ದರೆ 2.35 ಮೀಟರ್, ಏಳೂಮುಕ್ಕಾಲು ಅಡಿ ಬೇಕಾಗುತ್ತಿತ್ತು. ಆಳ ಹೋಗಲು ಹೆಚ್ಚುವ ಅಗೆತದ ಖರ್ಚಿನಲ್ಲಿ ಒಂದು ಭಾಗ ಕಾಂಕ್ರೀಟು ಕಬ್ಬಿಣದಲ್ಲಿ ಮರಳಿ ಬರುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು.

ಒಂದು ಸೂಕ್ಷ್ಮ ಉಳಿಯಿತು, ಅದು ಮಾಲೀಕರಿಗಲ್ಲ, ಸ್ಟ್ರಕ್ಚರಲ್ ಎಂಜಿನಿಯರಿಗೆ. ವರದಿಯ 20 ಟನ್ ನಿವ್ವಳ ಅಂಕಿ. ಅಂದರೆ ಗುಂಡಿಯಿಂದ ತೆಗೆದ ಮಣ್ಣಿನ ತೂಕವನ್ನು ಬಿಟ್ಟು ಅದರ ಮೇಲೆ ಹೊಸದಾಗಿ ಹೇರಬಹುದಾದದ್ದು. ನಿವೇಶನಕ್ಕೆ 0.9 ಮೀಟರ್ ಹೊಸ ಮಣ್ಣು ತುಂಬಿಸಿದರೆ ಅದೂ ಹೊಸ ಭಾರವೇ, ಚದರ ಮೀಟರಿಗೆ ಸುಮಾರು 1.6 ಟನ್. ಸಾರಾಂಶದ ಕೆಳಗೆ ‘ನಿವ್ವಳ, 25 ಮಿಲಿಮೀಟರ್ ಇಳಿತಕ್ಕೆ, 2 ಮೀಟರ್‌ವರೆಗಿನ ಚೌಕ ಫುಟಿಂಗಿಗೆ’ ಎಂಬ ಮೂರು ಷರತ್ತುಗಳನ್ನು ಚಿಕ್ಕ ಅಕ್ಷರದಲ್ಲಾದರೂ ಬರೆಯಿರಿ. ವರದಿಯಲ್ಲಿ ಕಿಲೋನ್ಯೂಟನ್ ಎಂದಿದ್ದರೆ ಹತ್ತರಿಂದ ಭಾಗಿಸಿ ಟನ್ನಿಗೆ ತನ್ನಿ, ಎರಡೂ ಮಾನಗಳನ್ನು ಒಂದೇ ಪುಟದಲ್ಲಿ ಬೆರೆಸಬೇಡಿ.

ಹಂತ 5: ಅಂಕಿಯಲ್ಲಿ ಬರದ ಮಾತು

ಫುಟಿಂಗ್‌ಗಳು ಗರಸಿಗೆ ಇಳಿದ ಮಾತ್ರಕ್ಕೆ ಎರೆಮಣ್ಣು ಸುಮ್ಮನಾಗುವುದಿಲ್ಲ. ಕಾಲಂಗಳ ಮೇಲೆ ಭಾರವಿದೆ, ಅವು ಏಳುವುದಿಲ್ಲ. ಏಳುವುದು ಹಗುರವಾದವು: ನೆಲಹಾಸು, ಪ್ಲಿಂತ್ ಬೀಮ್, ಮೆಟ್ಟಿಲು, ಕಾಂಪೌಂಡ್ ಗೋಡೆ. ಮನೆಯ ಚೌಕಟ್ಟು ಗಟ್ಟಿಯಾಗಿ ನಿಂತಿರುವಾಗಲೇ ಹಾಲ್‌ನ ಟೈಲ್ಸ್ ನಡುವೆ ಉಬ್ಬಿ, ಬಾಗಿಲು ಹಿಡಿದುಕೊಳ್ಳುವುದು ಇದರಿಂದಲೇ.

ಆದ್ದರಿಂದ ವರದಿಯ ಕೊನೆಯಲ್ಲಿ ಒಂದು ಪ್ಯಾರಾದಲ್ಲಿ ಮುದುಡಿ ಕುಳಿತಿರುವ ಸೂಚನೆಗಳನ್ನು ಸಾರಾಂಶದಲ್ಲಿ ಎದುರಿಗೆ ತನ್ನಿ. ನೆಲಹಾಸಿನ ಕೆಳಗಿನ ಎರೆಮಣ್ಣನ್ನು ಒಂದು ಮೀಟರ್ ತೆಗೆದು, ಉಬ್ಬದ ಗರಸನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಬೇಕು. ಅಂಟು ಇರುವ, ಆದರೆ ಉಬ್ಬದ ಮಣ್ಣಿನ ಪದರ ಎರೆಮಣ್ಣನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂಬುದನ್ನು ಐಐಟಿ ಬಾಂಬೆಯಲ್ಲಿ ಪ್ರೊ. ಆರ್. ಕೆ. ಕಟ್ಟಿ ಅವರು ನಡೆಸಿದ ಸಂಶೋಧನೆ ಬಹಳ ಹಿಂದೆಯೇ ತೋರಿಸಿದೆ. ಪ್ಲಿಂತ್ ಬೀಮಿನ ತಳ ಎರೆಮಣ್ಣಿಗೆ ತಾಗದಂತೆ ಸುಮಾರು 80 ಮಿಲಿಮೀಟರ್ ಖಾಲಿ ಬಿಡಬೇಕು. ಗೌಂಡಿಗೆ ಈ ಖಾಲಿ ಜಾಗ ಅಸಡ್ಡೆಯ ಕೆಲಸದಂತೆ ಕಂಡು ಮಣ್ಣು ತುಂಬಿಬಿಡುತ್ತಾನೆ, ಹಾಗಾಗಿ ಕಾರಣವನ್ನೂ ಬರೆಯಿರಿ.

ನೀರಿನ ವಿಷಯ ಮಾಲೀಕರ ಕೈಯಲ್ಲೇ ಇರುವಂಥದ್ದು. ಸುತ್ತಲೂ ಇಳಿಜಾರಿನ ಅಪ್ರಾನ್, ಸೋರದ ಸಂಪು, ಗೋಡೆಗೆ ತಾಗಿ ಗಿಡಗಳ ಪಾತಿ ಬೇಡ. ಮಳೆನೀರು ಇಂಗುಗುಂಡಿ ಒಳ್ಳೆಯ ಕೆಲಸವೇ, ಆದರೆ ಎರೆ ನೆಲದಲ್ಲಿ ಪಾಯದ ಪಕ್ಕದಲ್ಲಿ ತೋಡಿದರೆ ಮನೆಯ ಒಂದು ಮೂಲೆಗೆ ಮಾತ್ರ ನೀರುಣಿಸಿದಂತಾಗುತ್ತದೆ.

ಎರೆಮಣ್ಣು ಇನ್ನೂ ಆಳವಾಗಿ, ಐದಾರು ಮೀಟರಿಗೆ ಇಳಿದಿದ್ದರೆ ಈ ಶಿಫಾರಸೇ ಬೇರೆಯಾಗುತ್ತಿತ್ತು. ಅಲ್ಲಿ ಫುಟಿಂಗ್ ಬಿಟ್ಟು, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್‌ಗಳಿಗೆ ಹೋಗುತ್ತಾರೆ. ಋತುಮಾನಕ್ಕೆ ತಕ್ಕಂತೆ ತೇವ ಏರಿಳಿಯುವ ವಲಯ ನಮ್ಮ ಎರೆ ನೆಲಗಳಲ್ಲಿ ಸುಮಾರು ಮೂರೂವರೆ ಮೀಟರ್ ಎಂದು ಹಿಡಿಯುವ ರೂಢಿ, ಪೈಲಿನ ಗಡ್ಡೆ ಅದರ ಕೆಳಗಿರಬೇಕು.

ಹಂತ 6: ಪುಟವನ್ನು ಬರೆಯಿರಿ

ಮೇಲಿನದನ್ನೆಲ್ಲ ಬಟ್ಟಿಯಿಳಿಸಿದರೆ ಉಳಿಯುವುದು ಚಿತ್ರದ ಪಕ್ಕದಲ್ಲಿ ಹಿಡಿಯುವ ಒಂದು ಪುಟ. ನಾನಾದರೆ ಹೀಗೆ ಬರೆಯುತ್ತೇನೆ:

> ನಿಮ್ಮ ನಿವೇಶನದ ಮಣ್ಣು ಪರೀಕ್ಷೆಯ ಸಾರಾಂಶ. ಪೂರ್ಣ ವರದಿಯ ಸಂಖ್ಯೆ ಮತ್ತು ದಿನಾಂಕ ಮೇಲ್ಭಾಗದಲ್ಲಿದೆ. ಇದು ಆ ವರದಿಗೆ ಬದಲಿ ಅಲ್ಲ.
>
> ನೆಲ ಅಂತಸ್ತು ಮತ್ತು ಎರಡು ಮಹಡಿಗಳ ಮನೆಯನ್ನು ಇಲ್ಲಿ ಬಿಡಿ ಫುಟಿಂಗ್‌ಗಳ ಮೇಲೆ ಕಟ್ಟಬಹುದು. ಪೈಲ್ ಬೇಕಾಗಿಲ್ಲ. ಎಲ್ಲ ಫುಟಿಂಗ್‌ಗಳೂ ಹಳದಿ ಗರಸಿನ ಒಳಗೆ ಕನಿಷ್ಠ ಒಂದು ಅಡಿ ಇಳಿಯಬೇಕು. ಯಾವುದೇ ಫುಟಿಂಗನ್ನು ಕಪ್ಪು ಮಣ್ಣಿನ ಮೇಲೆ ಕೂರಿಸಬಾರದು.
>
> ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದಿಂದ ಅಳೆದಾಗ ಫುಟಿಂಗಿನ ತಳ ಮುಂದಿನ ಸಾಲಿನಲ್ಲಿ 2.70 ಮೀಟರ್ (ಸುಮಾರು 9 ಅಡಿ), ನಡುವಿನ ಸಾಲಿನಲ್ಲಿ 3.25 ಮೀಟರ್ (10 ಅಡಿ 8 ಅಂಗುಲ), ಹಿಂದಿನ ಸಾಲಿನಲ್ಲಿ 4.10 ಮೀಟರ್ (ಹದಿಮೂರೂವರೆ ಅಡಿ) ಕೆಳಗೆ ಬರುತ್ತದೆ ಎಂದು ಅಂದಾಜು. ನಿವೇಶನಕ್ಕೆ ಮಣ್ಣು ತುಂಬಿಸಿದರೂ ಈ ಅಳತೆ ಬದಲಾಗುವುದಿಲ್ಲ.
>
> ಆ ಮಟ್ಟದಲ್ಲಿ ಗರಸು ಚದರ ಮೀಟರಿಗೆ 20 ಟನ್ ನಿವ್ವಳ ಭಾರ ಹೊರಬಲ್ಲದು. ಫುಟಿಂಗಿನ ಅಳತೆಯನ್ನು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಇದರಿಂದ ನಿರ್ಧರಿಸುತ್ತಾರೆ. ಮುಂದೆ ಮಹಡಿ ಸೇರಿಸುವ ಯೋಚನೆಯಿದ್ದರೆ ಈಗಲೇ ಅವರಿಗೆ ತಿಳಿಸಿ.
>
> ಮೇಲಿನ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪರೀಕ್ಷೆ ಬೇಸಿಗೆಯಲ್ಲಿ ನಡೆದಿದೆ, ಈ ಮಣ್ಣಿನ ಈಗಿನ ಗಟ್ಟಿತನ ಮಳೆಗಾಲದಲ್ಲಿ ಉಳಿಯುವುದಿಲ್ಲ. ನೆಲಹಾಸಿನ ಕೆಳಗೆ ಒಂದು ಮೀಟರ್ ಕಪ್ಪು ಮಣ್ಣು ತೆಗೆಸಿ ಗರಸು ತುಂಬಿಸಿ. ಪ್ಲಿಂತ್ ಬೀಮಿನ ಕೆಳಗೆ 80 ಮಿಲಿಮೀಟರ್ ಖಾಲಿ ಬಿಡಿಸಿ, ಮಣ್ಣು ಉಬ್ಬಿದಾಗ ಬೀಮನ್ನು ಎತ್ತದಿರಲು ಈ ಜಾಗ ಬೇಕು. ಇಂಗುಗುಂಡಿಯನ್ನು ಕಟ್ಟಡದಿಂದ 3 ಮೀಟರ್ ದೂರವಿಡಿ.
>
> ಮೂರು ಕಡೆ ಮಾತ್ರ ಕೊರೆದು ನೋಡಲಾಗಿದೆ. ಗುಂಡಿ ತೋಡಿದಾಗ ಹೇಳಿದ ಮಟ್ಟದಲ್ಲಿಯೂ ಕಪ್ಪು ಮಣ್ಣು ಕಂಡರೆ, ಹಳೆಯ ಬಾವಿ, ಭರ್ತಿ ಕಸ ಅಥವಾ ನೀರು ಕಂಡರೆ, ಕಾಂಕ್ರೀಟ್ ಹಾಕದೆ ಕೆಲಸ ನಿಲ್ಲಿಸಿ ನಮಗೆ ಕರೆ ಮಾಡಿ. ಪ್ರತಿ ಗುಂಡಿಯ ತಳವನ್ನು ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆಯೇ ಬೆಡ್ ಕಾಂಕ್ರೀಟ್.

ಇದರಲ್ಲಿ ‘ಗಟ್ಟಿ ನೆಲ’ ಎಂಬ ಮಾತು ಎಲ್ಲಿಯೂ ಇಲ್ಲ. ‘ಗಟ್ಟಿ ಸಿಗುವವರೆಗೆ ತೋಡಿ’ ಎಂದು ಗೌಂಡಿಗೆ ಹೇಳಿದರೆ, ಬೇಸಿಗೆಯಲ್ಲಿ ಗುದ್ದಲಿಗೆ ಬಗ್ಗದ ಎರೆಮಣ್ಣೇ ಅವನಿಗೆ ಗಟ್ಟಿ. ಬಣ್ಣ ಹೇಳಿ, ಮಟ್ಟ ಹೇಳಿ, ಕೈಯಲ್ಲಿ ಹಿಡಿದರೆ ಹೇಗಿರುತ್ತದೆ ಎಂದು ಹೇಳಿ: ಒದ್ದೆ ಮಾಡಿ ಉಂಡೆ ಕಟ್ಟಿದರೆ ಎರೆ ಬೆರಳಿಗೆ ಅಂಟುತ್ತದೆ, ಗರಸು ಹರಳು ಹರಳಾಗಿ ಉದುರುತ್ತದೆ. ಬೋರ್‌ನಲ್ಲಿ ಸಿಕ್ಕ ಗರಸಿನ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪುಟದ ಜೊತೆ ಕೊಟ್ಟರೆ ಇನ್ನೂ ಒಳ್ಳೆಯದು.

ವರದಿಯಲ್ಲಿ ಇಲ್ಲದ್ದನ್ನು ಸೇರಿಸಬೇಡಿ, ಅಂಕಿಯನ್ನು ದುಂಡು ಮಾಡುವ ನೆಪದಲ್ಲಿ ಏರಿಸಬೇಡಿ. ಶಿಫಾರಸಿನ ಬಗ್ಗೆ ನಿಮಗೇ ಅನುಮಾನವಿದ್ದರೆ ವರದಿ ಕೊಟ್ಟವರನ್ನು ಕೇಳಿ ಲಿಖಿತ ಉತ್ತರ ಪಡೆಯಿರಿ, ಮತ್ತು ಪುಟವನ್ನು ಮಾಲೀಕರಿಗೆ ಕೊಡುವ ಮೊದಲು ವರದಿ ಕೊಟ್ಟವರಿಂದಲೇ ಓದಿಸಿ ಸಹಿ ಪಡೆಯಿರಿ.

ಹಂತ 7: ಕೂತು ಮಾತನಾಡಿ

ಪುಟವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಮಾಲೀಕರನ್ನೂ ಗೌಂಡಿಯನ್ನೂ ಒಟ್ಟಿಗೆ ಕೂರಿಸಿಕೊಳ್ಳಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ‘ಹಿಂದಿನ ಸಾಲಿನ ಗುಂಡಿ ಎಲ್ಲಿಯವರೆಗೆ, ಎಲ್ಲಿಂದ ಅಳೆಯುತ್ತೀರಿ?’ ಎಂದು ಕೇಳಿ. ಉತ್ತರದಲ್ಲಿ ಮ್ಯಾನ್‌ಹೋಲ್ ಬರದೆ ‘ಹನ್ನೊಂದು ಅಡಿ’ ಎಂದಷ್ಟೇ ಬಂದರೆ ಎರಡನೇ ಹಂತದ ಕಥೆಯನ್ನು ಮತ್ತೆ ಹೇಳಬೇಕು.

ಎರಡು ಪ್ರಶ್ನೆಗಳು ಖಂಡಿತ ಬರುತ್ತವೆ. ‘ಪಕ್ಕದ ಮನೆಯವರು ಆರು ಅಡಿಗೇ ನಿಲ್ಲಿಸಿದ್ದಾರೆ, ಏನೂ ಆಗಿಲ್ಲವಲ್ಲ?’ ಇದಕ್ಕೆ ಅವರ ಮನೆಯನ್ನು ಜರೆಯಬೇಕಿಲ್ಲ. ಅದು ಎಷ್ಟು ಮಳೆಗಾಲ ಕಂಡಿದೆ, ಎಷ್ಟು ಮಹಡಿ, ಅವರ ಗರಸು ಎಷ್ಟು ಮೇಲಿದೆ ಎಂಬುದು ನಮಗೆ ತಿಳಿದಿಲ್ಲ, ನಿಮ್ಮ ಜಾಗದೊಳಗೇ ಗರಸು ಹಿಂದಕ್ಕೆ ನಾಲ್ಕೂವರೆ ಅಡಿ ಇಳಿದಿರುವುದು ಮಾತ್ರ ತಿಳಿದಿದೆ ಎಂದು ಚಿತ್ರ ತೋರಿಸಿ.

ಇನ್ನೊಂದು, ‘ಮುಂದೆ ಮಗನಿಗೆ ಇನ್ನೊಂದು ಮಹಡಿ ಎತ್ತಬಹುದೇ?’ ಮಣ್ಣಿನ 20 ಟನ್ ಆಗಲೂ 20 ಟನ್ನೇ. ಬದಲಾಗುವುದು ಕಾಲಂನ ಭಾರ, 55ರಿಂದ ಸುಮಾರು 73 ಟನ್ನಿಗೆ. ಆಗ ಫುಟಿಂಗ್ 1.75ರ ಬದಲು 2 ಮೀಟರ್ ಚೌಕ ಬೇಕು. ಕಾಲಂ ಮತ್ತು ಕಬ್ಬಿಣದ ಲೆಕ್ಕವೂ ಅದಕ್ಕೆ ತಕ್ಕಂತೆ ಏರುತ್ತದೆ. ಈಗ ಗುಂಡಿ ತೆರೆದಿರುವಾಗ ಪ್ರತಿ ಬದಿಗೆ ಅರ್ಧ ಅಡಿಯೂ ಇಲ್ಲದಷ್ಟು ಅಗಲ ಮಾಡುವುದು ಸುಲಭ, ಮನೆ ನಿಂತ ಮೇಲೆ ಅದು ಬಹಳ ದುಬಾರಿ ಮತ್ತು ತ್ರಾಸದ ಕೆಲಸ. ಈ ಉತ್ತರ ಕೇಳಿದ ಮೇಲೆ ಮಾಲೀಕರು ಬದಲಾದ ಮಹಡಿಯ ಲೆಕ್ಕ ಕೊಟ್ಟರೆ, ಪುಟದ ಎರಡನೇ ಪ್ಯಾರಾವನ್ನು ತಿದ್ದಿ ಹೊಸ ದಿನಾಂಕ ಹಾಕಿ, ಹಳೆಯ ಪ್ರತಿಯನ್ನು ಗೌಂಡಿಯ ಕೈಯಿಂದ ಹಿಂದಕ್ಕೆ ಪಡೆಯಿರಿ.